ಅದೇ ಆರು ಕಿಲೋ, ಎರಡು ಅರ್ಥ

ಶಂಕರನಾರಾಯಣದ ಇಬ್ಬರು ಬಸುರಿಯರು ಎಂದಿಟ್ಟುಕೊಳ್ಳಿ. ಇಬ್ಬರಿಗೂ 24 ವಾರ, ಇಬ್ಬರ ಎತ್ತರವೂ 152 ಸೆಂಟಿಮೀಟರ್. ತಾಯಿ ಕಾರ್ಡಿನ ಪ್ರಕಾರ ಇಬ್ಬರೂ 6 ಕಿಲೋ ಏರಿದ್ದಾರೆ. ಒಬ್ಬರದು ಸರಿಯಾಗಿದೆ, ಇನ್ನೊಬ್ಬರದು ಹೆಚ್ಚಾಗಿದೆ.

ಹೇಗೆ?

ಬಸಿರಿಗೆ ಮೊದಲು ಒಬ್ಬರ ತೂಕ 42 ಕಿಲೋ, ಇನ್ನೊಬ್ಬರದು 70. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವುದೇ ಬಿಎಂಐ: ಇಲ್ಲಿ 18.2 ಮತ್ತು 30.3.

ಒಂದೇ ಮಗುವಿದ್ದರೆ, ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹೇಳಿದ ಒಟ್ಟು ಏರಿಕೆ ಹೀಗಿದೆ. ಬಿಎಂಐ 18.5ಕ್ಕಿಂತ ಕಡಿಮೆಯಿದ್ದರೆ 12.5ರಿಂದ 18 ಕಿಲೋ, 25ರೊಳಗಿದ್ದರೆ 11.5ರಿಂದ 16, 30ರೊಳಗಿದ್ದರೆ 7ರಿಂದ 11.5, ಅದಕ್ಕೂ ಮೇಲಿದ್ದರೆ 5ರಿಂದ 9.

ಈಗ ವಾರದ ಲೆಕ್ಕ. ಮೊದಲ ಮೂರು ತಿಂಗಳಲ್ಲಿ ಎಲ್ಲರಿಗೂ ಅರ್ಧದಿಂದ ಎರಡು ಕಿಲೋ ಸಾಕು. ಆಮೇಲೆ ವಾರಕ್ಕೆ ತೆಳ್ಳಗಿನವರಿಗೆ ಸುಮಾರು 500 ಗ್ರಾಂ, ಬೊಜ್ಜಿನವರಿಗೆ 220. ಇವು ಸರಾಸರಿ, ತುಸು ಹೆಚ್ಚುಕಡಿಮೆ ಇರಬಹುದು. ಹಾಗಾಗಿ 24ನೇ ವಾರಕ್ಕೆ ಮೊದಲನೆಯವರಿಗೆ ಐದರಿಂದ ಎಂಟು ಕಿಲೋ ಸಹಜ. ಎರಡನೆಯವರಿಗೆ ಐದೇ ಗರಿಷ್ಠ. ಅವರು ಊಟದ ಬಗ್ಗೆ ವೈದ್ಯರನ್ನು ಕೇಳಬೇಕು, ಉಪವಾಸ ಮಾತ್ರ ಬೇಡ.

ಕೆಲವೇ ದಿನಗಳಲ್ಲಿ ತೂಕ ಥಟ್ಟನೆ ಏರಿ, ಮುಖ ಊದಿ, ತಲೆನೋವು ಬಂದರೆ ಈ ಲೆಕ್ಕ ಬಿಟ್ಟು ಅಂದೇ ಬಿಪಿ ನೋಡಿಸಬೇಕು.