ಹೊಗಳಿಕೆಯ ಮುಳ್ಳು ಎಲ್ಲಿರುತ್ತೆ? ‘ಬಂದರೂ’ ಅನ್ನೋದರಲ್ಲಿ

“ಮೀಸಲಾತಿಯಲ್ಲಿ ಬಂದರೂ ಚೆನ್ನಾಗಿ ಕೆಲಸ ಮಾಡ್ತಿದೀರಲ್ಲ ಮೇಡಂ!”

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ಗ್ರಾಮಸಭೆಗಳಲ್ಲಿ ಪಂಚಾಯ್ತಿ ಸದಸ್ಯೆಯರಿಗೆ ಇಂಥ ಹೊಗಳಿಕೆ ಸಿಗೋದನ್ನ ನಾನು ಕೇಳಿದ್ದೇನೆ. ಹೇಳುವವರ ಮುಖದಲ್ಲಿ ನಗು, ಮಾತಿನಲ್ಲಿ ಬಹುವಚನ. ಬೇಜಾರು ಮಾಡಿಕೊಂಡರೆ “ಹೊಗಳಿದ್ದಕ್ಕೂ ಸಿಟ್ಟಾ?” ಅಂತಾರೆ. ಶಾಲಿನಲ್ಲಿ ಸುತ್ತಿ ಹೊಡೆಯೋದು ಅಂದರೆ ಇದೇ.

ಹೊಗಳಿಕೆಯ ವೇಷದ ತೆಗಳಿಕೆಯನ್ನ ನಮ್ಮ ಅಲಂಕಾರಶಾಸ್ತ್ರ ‘ವ್ಯಾಜಸ್ತುತಿ’ ಅಂತ ಕರೆಯುತ್ತೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ‘ಬ್ಲೆಸ್ ಯುವರ್ ಹಾರ್ಟ್’ ಅನ್ನೋ ಹಾರೈಕೆ ಎಷ್ಟೋ ಸಲ ‘ಪಾಪ, ದಡ್ಡರು’ ಅನ್ನೋ ಅರ್ಥ ಕೊಡುತ್ತೆ. ಅಲ್ಲಿ ಮುಳ್ಳು ಧ್ವನಿಯಲ್ಲಿರುತ್ತೆ. ಕನ್ನಡದಲ್ಲಿ ಅದು ಬಹಳ ಸಲ ಪದದ ಬಾಲದಲ್ಲೇ ಸಿಗುತ್ತೆ.

‘ಬಂದು ಚೆನ್ನಾಗಿ ಕೆಲಸ ಮಾಡ್ತಿದೀರಿ’ ಅಂದರೆ ಬರೀ ಹೊಗಳಿಕೆ. ‘ಬಂದರೂ’ ಅಂದ ಕೂಡಲೇ, ‘ಹಾಗೆ ಬಂದವರು ಕೆಲಸ ಮಾಡಲ್ಲ’ ಅನ್ನೋ ಇನ್ನೊಂದು ವಾಕ್ಯ ಒಳಗೆ ಸೇರಿಕೊಳ್ಳುತ್ತೆ. ಅದನ್ನ ಬಾಯಿಬಿಟ್ಟು ಹೇಳಿಲ್ಲವಾದ್ದರಿಂದ ಯಾರೂ ಅಲ್ಲಗಳೆಯೋಕೂ ಆಗಲ್ಲ. ‘ಇವತ್ತಾದರೂ ಸರಿಯಾಗಿ ಮಾತಾಡಿದ್ರಿ’ ಅಂದರೆ ಹಿಂದಿನ ದಿನಗಳೆಲ್ಲ ಕೆಟ್ಟವು. ‘ಭಾಷಣವಂತೂ ಚೆನ್ನಾಗಿತ್ತು’ ಅಂದರೆ ಉಳಿದದ್ದರ ಬಗ್ಗೆ ಅನುಮಾನ.

ಹಾಗಾಗಿ ಪರೀಕ್ಷೆ ಸುಲಭ. ಮೊದಲು ಆ ಬಾಲ ತೆಗೆದು ವಾಕ್ಯ ಓದಿ. ಅರ್ಥ ಬದಲಾದರೆ, ಕಳೆದುಹೋದ ಭಾಗವೇ ಮುಳ್ಳು. ಆಮೇಲೆ ಅದೇ ಮಾತನ್ನ ಸಾಮಾನ್ಯ ಕ್ಷೇತ್ರದಿಂದ ಗೆದ್ದ ಗಂಡಸಿಗೆ ಹೇಳಿ ನೋಡಿ. ‘ಸಾಮಾನ್ಯ ಸೀಟಿನಿಂದ ಬಂದರೂ ಚೆನ್ನಾಗಿ ಕೆಲಸ ಮಾಡ್ತೀರಿ’ ಅಂತ ಯಾರೂ ಹೇಳಲ್ಲ. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸೀಟು ಮಹಿಳೆಯರಿಗೆ ಮೀಸಲು. ಒಬ್ಬರನ್ನ ಮೆಚ್ಚುವ ಈ ಒಂದು ‘ರೂ’, ಸಭೆಯಲ್ಲಿ ಕೂತ ಉಳಿದ ಸದಸ್ಯೆಯರನ್ನೆಲ್ಲ ಕೆಲಸಕ್ಕೆ ಬಾರದವರ ಸಾಲಿಗೆ ಸೇರಿಸುತ್ತೆ.

ಆದರೆ ಎಲ್ಲದರಲ್ಲೂ ಕೊಂಕು ಹುಡುಕಬೇಡಿ. ನಮ್ಮ ಮಲೆನಾಡಿನಲ್ಲಿ ಹೊಗಳೋದೇ ಪಿಸುಮಾತಿನಲ್ಲಿ. ಊಟ ಮಾಡಿದ ಹಿರಿಯರು “ಅಡ್ಡಿಲ್ಲ” ಅಂದರೆ ಅದು ಎಷ್ಟೋ ಮನೆಗಳಲ್ಲಿ ಫುಲ್ ಮಾರ್ಕ್ಸ್. ಅವರು ಎಲ್ಲರಿಗೂ ಅಷ್ಟೇ ಹೇಳ್ತಾರಾ ಅಂತ ಗಮನಿಸಿ. ಪಕ್ಕದವರಿಗೆ “ಅದ್ಭುತ”, ನಿಮಗೆ ಮಾತ್ರ “ಅಡ್ಡಿಲ್ಲ” ಆದಾಗ ಯೋಚಿಸಿ. ಎಷ್ಟೋ ಜನ ‘ಬಂದರೂ’ ಅನ್ನೋದನ್ನ ಕೇಡು ಬಯಸದೆ, ರೂಢಿಯಿಂದ ಆಡ್ತಾರೆ ಅನ್ನೋದೂ ನಿಜ. ಆದರೂ ಆ ಒಳವಾಕ್ಯ ಅಲ್ಲೇ ಇರುತ್ತೆ.

ಅದಕ್ಕೆ ಜಗಳ ಬೇಡ, ಒಳವಾಕ್ಯವನ್ನ ಹೊರಗೆಳೆದರೆ ಸಾಕು. “ಅಂದ್ರೆ, ಮೀಸಲಾತಿಯಲ್ಲಿ ಬಂದೋರು ಕೆಲಸ ಮಾಡಲ್ಲ ಅಂತಲಾ ಅಣ್ಣ?” ಅಂತ ಅಷ್ಟೇ ನಗುನಗುತ್ತಾ ಕೇಳಿ. ರೂಢಿಯಿಂದ ಹೇಳಿದವರು “ಅಯ್ಯೋ, ಹಾಗಲ್ಲ ಮಾರಾಯ್ತಿ” ಅಂತ ಮಾತು ತಿದ್ದಿಕೊಳ್ಳಬಹುದು. ಬೇಕಂತಲೇ ಹೇಳಿದವರು ಅದನ್ನ ಎಲ್ಲರೆದುರು ಒಪ್ಪಬೇಕು, ಇಲ್ಲವೇ ನುಂಗಬೇಕು.