ಒಂಬತ್ತು ಗೋಲ್ ಶೀಟ್, ಒಂದು ಪಟ್ಟಿ

ಏಪ್ರಿಲ್ ಬಂತೆಂದರೆ ಕಂಪನಿಗಳಲ್ಲಿ ಗೋಲ್ ಶೀಟ್ ತುಂಬುವ ಕೆಲಸ ಶುರುವಾಗುತ್ತದೆ. ಮುಂದಿನ ಮಾರ್ಚ್‌ವರೆಗೆ ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವುದಕ್ಕೆ ಎಷ್ಟು ತೂಕ ಎಂದು ಉದ್ಯೋಗಿ ತನ್ನ ಮೇಲಧಿಕಾರಿಯ ಜೊತೆ ಕೂತು ಬರೆದುಕೊಳ್ಳುವ ಹಾಳೆ ಅದು. ಏನು ಎನ್ನುವುದು ಗೋಲ್, ಎಷ್ಟು ಎನ್ನುವುದು ಟಾರ್ಗೆಟ್, ತೂಕವೇ ವೇಟೇಜ್. ಒಬ್ಬರ ವೇಟೇಜುಗಳನ್ನೆಲ್ಲ ಕೂಡಿದರೆ 100 ಬರಬೇಕು. ವರ್ಷದ ಕೊನೆಗೆ ಸಿಗುವ ರೇಟಿಂಗನ್ನು ಈ ವೇಟೇಜಿನಿಂದ ಗುಣಿಸುತ್ತಾರೆ. 20 ವೇಟೇಜಿನ ಗುರಿಗೆ 5ರಲ್ಲಿ 4 ರೇಟಿಂಗ್ ಸಿಕ್ಕರೆ ಒಟ್ಟು ಅಂಕಕ್ಕೆ ಅದರಿಂದ 0.8 ಸೇರುತ್ತದೆ. ಹಾಗಾಗಿ ಈ ಅಂಕಿಗಳು ಸಂಬಳ ಏರಿಕೆಯವರೆಗೂ ಹೋಗುತ್ತವೆ.

ಮೇ ತಿಂಗಳಲ್ಲಿ ವಿಭಾಗದ ಮುಖ್ಯಸ್ಥರು ಕೇಳುವುದು ಒಂದೇ: "ಎಲ್ಲರ ಗುರಿಗಳನ್ನೂ ಒಂದೇ ಕಡೆ ಹಾಕಿ ಕೊಡಿ." ಎಚ್‌ಆರ್‌ನವರೋ ವಿಭಾಗದ ಕಿರಿಯ ಅಧಿಕಾರಿಯೋ ಕೂತು ಶೀಟುಗಳನ್ನು ಒಂದೊಂದಾಗಿ ತೆರೆದು ಎಕ್ಸೆಲ್‌ಗೆ ಇಳಿಸುತ್ತಾರೆ. ಒಂದು ಮಧ್ಯಾಹ್ನದ ಕಾಪಿ-ಪೇಸ್ಟ್ ಎಂದು ಇದನ್ನು ನೋಡುವವರೇ ಹೆಚ್ಚು. ಆದರೆ ಶೀಟಿನಲ್ಲಿ ಬರೆದದ್ದು ಯಾವುದು, ಇಳಿಸುವವರು ಅರ್ಥ ಮಾಡಿಕೊಂಡದ್ದು ಯಾವುದು ಎಂಬುದು ಬೆರೆತುಹೋದರೆ ಪಟ್ಟಿ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಮುಖ್ಯಸ್ಥರ ದಾರಿ ತಪ್ಪಿಸುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗ. ಮ್ಯಾನೇಜರ್ ಒಬ್ಬರು, ಎಂಜಿನಿಯರುಗಳು ಮೂವರು, ಶಿಫ್ಟ್ ಸೂಪರ್‌ವೈಸರುಗಳು ಮೂವರು, ಪ್ಲಾನರ್ ಒಬ್ಬರು, ಬಿಡಿಭಾಗಗಳ ಸ್ಟೋರ್ಸ್ ನೋಡುವವರು ಒಬ್ಬರು: ಒಟ್ಟು ಒಂಬತ್ತು ಶೀಟು, 47 ಗುರಿಗಳು. ಕಳೆದ ವರ್ಷ ಯಂತ್ರಗಳು ಕೆಟ್ಟು ನಿಂತದ್ದು ತಿಂಗಳಿಗೆ ಸರಾಸರಿ 120 ಗಂಟೆ. ಅದನ್ನು ಇಳಿಸಬೇಕೆಂಬುದು ಈ ವರ್ಷ ವಿಭಾಗದ ಮುಖ್ಯ ಕೆಲಸ.

ಮೊದಲು ನಿರ್ಧಾರವಾಗಬೇಕಾದದ್ದು ಯಾವ ಶೀಟನ್ನು ತೆಗೆದುಕೊಳ್ಳಬೇಕು ಎನ್ನುವುದು. ಒಬ್ಬರದೇ ಎರಡು ಮೂರು ಪ್ರತಿಗಳು ಇಮೇಲಿನಲ್ಲಿ ಓಡಾಡುತ್ತಿರುತ್ತವೆ. ಫೈಲಿನ ಹೆಸರಿನಲ್ಲಿ ಫೈನಲ್ ಎಂದಿದ್ದರೆ ಸಾಲದು, ಉದ್ಯೋಗಿಯೂ ಮೇಲಧಿಕಾರಿಯೂ ಒಪ್ಪಿ ಸಹಿ ಮಾಡಿದ ಪ್ರತಿಯೇ ಬೇಕು. ಆ ಒಪ್ಪಿಗೆಯ ದಿನಾಂಕವನ್ನೂ ಫೈಲಿನ ಹೆಸರನ್ನೂ ಪಟ್ಟಿಯ ಪ್ರತಿ ಸಾಲಿನಲ್ಲಿ ಬರೆದಿಟ್ಟರೆ ಯಾವ ಅಂಕಿ ಎಲ್ಲಿಂದ ಬಂತೆಂದು ಯಾವಾಗ ಬೇಕಾದರೂ ಹಿಂದೆ ಹೋಗಿ ನೋಡಬಹುದು. ಹಳೆಯ ರೇಟಿಂಗ್, ಸಂಬಳದ ವಿವರಗಳೂ ಕೆಲವು ಶೀಟಿನಲ್ಲಿರುತ್ತವೆ. ಅವು ಈ ಪಟ್ಟಿಗೆ ಬರಬಾರದು.

ಪಟ್ಟಿಯ ನಿಯಮ ಒಂದೇ: ಒಂದು ಗುರಿಗೆ ಒಂದು ಸಾಲು. ಒಬ್ಬ ಉದ್ಯೋಗಿಗೆ ಒಂದು ಸಾಲು ಮಾಡಿ ಗುರಿಗಳನ್ನು ಅಡ್ಡಡ್ಡ ಜೋಡಿಸಿದರೆ ಕೂಡಿಸಲೂ ಆಗುವುದಿಲ್ಲ, ವಿಂಗಡಿಸಲೂ ಆಗುವುದಿಲ್ಲ. ಟಾರ್ಗೆಟ್‌ಗೆ ಮಾತ್ರ ಎರಡು ಜಾಗ ಬೇಕು. ಶೀಟಿನಲ್ಲಿ ಬರೆದ ಮಾತು ಒಂದು ಅಕ್ಷರವೂ ಬದಲಾಗದೆ ಒಂದು ಕಾಲಂನಲ್ಲಿ ಇರಬೇಕು. ಅದರಿಂದ ತೆಗೆದ ಅಂಕಿ ಮತ್ತು ಅಳತೆ ಪಕ್ಕದ ಕಾಲಂಗಳಲ್ಲಿ. ಬ್ರೇಕ್‌ಡೌನ್ ಬಗ್ಗೆ ಮೂರು ಶೀಟುಗಳಲ್ಲಿ ಇದ್ದದ್ದು ಹೀಗೆ ಎಂದುಕೊಳ್ಳಿ:

| ಯಾರ ಶೀಟು | ಟಾರ್ಗೆಟ್, ಶೀಟಿನಲ್ಲಿರುವಂತೆ | ಅಂಕಿ | ಅಳತೆ | ವೇಟೇಜ್ |
|---|---|---|---|---|
| ಮ್ಯಾನೇಜರ್ | ಬ್ರೇಕ್‌ಡೌನ್ ತಿಂಗಳಿಗೆ 80 ಗಂಟೆಗೆ ಇಳಿಸುವುದು | 80 | ತಿಂಗಳಿಗೆ ಗಂಟೆ | 25 |
| ಮೆಕ್ಯಾನಿಕಲ್ ಎಂಜಿನಿಯರ್ | ಬ್ರೇಕ್‌ಡೌನ್ 30% ಕಡಿಮೆ ಮಾಡುವುದು | 30 | ಶೇಕಡಾ. ಯಾವುದಕ್ಕೆ ಹೋಲಿಸಿ, ಇಲ್ಲ | 20 |
| ಎಲೆಕ್ಟ್ರಿಕಲ್ ಎಂಜಿನಿಯರ್ | ವಿದ್ಯುತ್ ದೋಷದ ನಿಲುಗಡೆ 25 ಗಂಟೆಯೊಳಗೆ | 25 | ಗಂಟೆ; ಅವಧಿ ಇಲ್ಲ | 15 |

ಮೂರೂ ಒಂದೇ ಕೆಲಸದ ಮಾತು, ಆದರೂ ಒಂದಕ್ಕೊಂದು ಹೊಂದುವುದಿಲ್ಲ. ಎಂಜಿನಿಯರ್ ಹೇಳಿದ 30%ಅನ್ನು ಕಳೆದ ವರ್ಷದ 120 ಗಂಟೆಯಿಂದ ಕಳೆದರೆ ಉಳಿಯುವುದು 84. ಮ್ಯಾನೇಜರ್ ಒಪ್ಪಿಕೊಂಡದ್ದು 80. ಎಂಜಿನಿಯರ್ ತನ್ನ ಗುರಿ ಪೂರ್ತಿ ಮುಟ್ಟಿದ ತಿಂಗಳಲ್ಲೂ ಮ್ಯಾನೇಜರ್ ನಾಲ್ಕು ಗಂಟೆ ಹಿಂದೆ ಬೀಳುತ್ತಾರೆ. ಆ 30% ಯಂತ್ರಭಾಗದ ದೋಷಗಳಿಗೆ ಮಾತ್ರವೋ ಇಡೀ ವಿಭಾಗಕ್ಕೋ ಎನ್ನುವುದೂ ಶೀಟಿನಲ್ಲಿಲ್ಲ. ಎಲೆಕ್ಟ್ರಿಕಲ್‌ನವರ 25 ಗಂಟೆ ತಿಂಗಳಿಗೋ ವರ್ಷಕ್ಕೋ ಗೊತ್ತಿಲ್ಲ. ಪಟ್ಟಿ ಮಾಡುವವರು ಇಲ್ಲಿ "ತಿಂಗಳಿಗೇ ಇರಬೇಕು" ಎಂದು ತಾವೇ ತುಂಬಿಬಿಡುತ್ತಾರೆ. ತುಂಬಬಾರದು. ಖಾಲಿ ಇದೆಯೆಂದು ಕಾಣುವುದೇ ಮುಖ್ಯಸ್ಥರಿಗೆ ಬೇಕಾದ ಮಾಹಿತಿ. ಮೂವರ ಮಾತನ್ನೂ ತಿದ್ದಿ "ಬ್ರೇಕ್‌ಡೌನ್ ಇಳಿಕೆ" ಎಂದು ಒಂದೇ ಮಾಡಿದ್ದರೆ ಈ ಬಿರುಕು ಮುಂದಿನ ಮಾರ್ಚ್‌ವರೆಗೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಶೇಕಡಾ ಇದ್ದ ಕಡೆಯೆಲ್ಲ ಇದೇ ಎಚ್ಚರ ಬೇಕು. "ಸರ್ವಿಸಿಂಗ್ ವೇಳಾಪಟ್ಟಿ ಪಾಲನೆ 90ರಿಂದ 5% ಹೆಚ್ಚಿಸುವುದು" ಎಂದು ಬರೆದವರ ಮನಸ್ಸಿನಲ್ಲಿ 95 ಇರಬಹುದು, ಲೆಕ್ಕ ಹಾಕಿದರೆ ಬರುವುದು 94.5. ಇನ್ನು ಕೆಲವು ಕಂಪನಿಗಳ ಶೀಟಿನಲ್ಲಿ ಟಾರ್ಗೆಟ್ ಒಂದೇ ಇರುವುದಿಲ್ಲ. 1ರಿಂದ 5ರವರೆಗೆ ಒಂದೊಂದು ರೇಟಿಂಗಿಗೂ ಒಂದೊಂದು ಅಂಕಿ ಇರುತ್ತದೆ. ಕೇಂದ್ರ ಸರ್ಕಾರ 2009ರಲ್ಲಿ ತನ್ನ ಸಚಿವಾಲಯಗಳಿಗೆ ತಂದ ರಿಸಲ್ಟ್ಸ್ ಫ್ರೇಮ್‌ವರ್ಕ್ ಡಾಕ್ಯುಮೆಂಟಿನಲ್ಲೂ ಹೀಗೆಯೇ ಅತ್ಯುತ್ತಮಕ್ಕೆ 100, ಆಮೇಲೆ 90, 80, 70, 60 ಎಂದು ಐದು ಮೆಟ್ಟಿಲಿನ ಕಾಲಂಗಳಿದ್ದವು. ಅಂಥ ಶೀಟಿನಿಂದ ಒಬ್ಬರದು 3ರ ಮಟ್ಟದ ಅಂಕಿ, ಇನ್ನೊಬ್ಬರದು 5ರ ಮಟ್ಟದ್ದು ಎತ್ತಿಕೊಂಡರೆ ಎರಡನೆಯವರ ಗುರಿ ವಿನಾಕಾರಣ ಕಠಿಣವಾಗಿ ಕಾಣುತ್ತದೆ. ಯಾವ ಮಟ್ಟವನ್ನು ಟಾರ್ಗೆಟ್ ಎಂದು ಕರೆಯಬೇಕೆಂದು ಮುಖ್ಯಸ್ಥರನ್ನೇ ಮೊದಲು ಕೇಳಿ, ಎಲ್ಲ ಶೀಟಿಗೂ ಅದನ್ನೇ ಪಾಲಿಸಬೇಕು.

ವೇಟೇಜಿನ ತೊಂದರೆಗಳು ಬೇರೆ ಬಗೆಯವು. ಅವು ಬಹುತೇಕ ಎಕ್ಸೆಲ್‌ನೊಳಗೆ ಅಡಗಿರುತ್ತವೆ. ಪರದೆಯ ಮೇಲೆ 20% ಎಂದು ಕಾಣುವ ಚೌಕದೊಳಗೆ ನಿಜವಾಗಿ ಇರುವುದು 0.2. ಪಕ್ಕದ ಶೀಟಿನವರು ಬರೀ 20 ಎಂದು ಹೊಡೆದಿರುತ್ತಾರೆ. ಮತ್ತೊಬ್ಬರ 20 ಅಂಕಿಯೇ ಅಲ್ಲ, ಅಕ್ಷರವಾಗಿ ಕೂತಿರುತ್ತದೆ. ಅದು ಚೌಕದ ಎಡಕ್ಕೆ ಅಂಟಿಕೊಂಡಿರುವುದೇ ಗುರುತು, ಕೂಡಿಸುವಾಗ ಎಕ್ಸೆಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲವನ್ನೂ 100ರ ಲೆಕ್ಕಕ್ಕೆ ತಂದ ಮೇಲೆ ಒಬ್ಬೊಬ್ಬರ ಮೊತ್ತ ನೋಡಬೇಕು. ನೌಕರರ ಸಂಖ್ಯೆ A ಕಾಲಂನಲ್ಲಿ, ವೇಟೇಜ್ H ಕಾಲಂನಲ್ಲಿ ಇದ್ದರೆ ಎರಡನೇ ಸಾಲಿನ ಕೊನೆಯಲ್ಲಿ ಇದನ್ನು ಬರೆದು ಕೆಳಗೆ ಎಳೆದರಾಯಿತು:

```
=SUMIFS(H:H,A:A,A2)
```

ಎಲ್ಲರೆದುರೂ 100 ಬರಬೇಕು. ಬರದಿದ್ದಾಗ ಬಂದ ಅಂಕಿಯೇ ತಪ್ಪು ಎಲ್ಲಿದೆಯೆಂದು ಹೇಳುತ್ತದೆ. 1 ಬಂದರೆ ಶೇಕಡಾ ರೂಪದ ಶೀಟು ಹಾಗೇ ಇಳಿದಿದೆ. 200 ಬಂದರೆ ಶೀಟಿನ ತಳದ "ಒಟ್ಟು" ಸಾಲೂ ಗುರಿಯೆಂದು ಸೇರಿಕೊಂಡಿದೆ. ನಮ್ಮ ಉದಾಹರಣೆಯ ಪ್ಲಾನರ್ ಎದುರು 160 ಬಂತು. ಅವರ ಶೀಟಿನಲ್ಲಿ ಸರ್ವಿಸಿಂಗ್ ಎಂಬ ದೊಡ್ಡ ಗುರಿಗೆ 40 ವೇಟೇಜ್, ಅದರ ಕೆಳಗೆ ಮೂರು ಉಪಗುರಿಗಳಿಗೆ 50, 30, 20. ಇವು ಆ ನಲವತ್ತರೊಳಗಿನ ಪಾಲು. ಪಟ್ಟಿಗೆ ಬರಬೇಕಾದದ್ದು 20, 12, 8. ಹಾಗೆ ಮಾಡಿದಾಗ ಮೊತ್ತ 100ಕ್ಕೆ ಬಂದು ನಿಲ್ಲುತ್ತದೆ.

ಈ ಪರೀಕ್ಷೆಗೆ ಸಿಗದ ತಪ್ಪುಗಳೂ ಇವೆ, ನನ್ನ ಮಟ್ಟಿಗೆ ಹೆಚ್ಚು ಕಾಡುವುದು ಅವೇ. ಸ್ಟೋರ್ಸ್‌ನವರ ಶೀಟಿನಲ್ಲಿ ಎರಡು ಗುರಿಗಳ ಪಕ್ಕ ಚೌಕಗಳನ್ನು ಕೂಡಿಸಿ 30 ಎಂದು ಒಮ್ಮೆ ಮಾತ್ರ ಬರೆದಿದ್ದರು. ಕೂಡಿಸಿದ ಚೌಕ ಬಿಡಿಸಿದರೆ ಎಕ್ಸೆಲ್ ಅಂಕಿಯನ್ನು ಮೇಲಿನ ಚೌಕದಲ್ಲಿ ಉಳಿಸಿ ಕೆಳಗಿನದನ್ನು ಖಾಲಿ ಬಿಡುತ್ತದೆ. ಮೊತ್ತ ಸರಿಯಾಗಿ 100 ಬರುತ್ತದೆ, ಎರಡನೇ ಗುರಿಗೆ ಮಾತ್ರ ತೂಕವೇ ಇಲ್ಲದಂತಾಗುತ್ತದೆ. 15-15 ಎಂದು ಹಂಚುವ ಹಕ್ಕು ಪಟ್ಟಿ ಮಾಡುವವರಿಗಿಲ್ಲ. ಶೀಟು ಬರೆದವರನ್ನೇ ಕೇಳಬೇಕು. ಹಾಗೆಯೇ ಎರಡು ಗುರಿಗಳ ವೇಟೇಜ್ ಅದಲುಬದಲಾದರೂ ಮೊತ್ತ 100ಏ. ಟಾರ್ಗೆಟ್ ಕಾಲಂಗಂತೂ ಮೊತ್ತದ ಕಾವಲೇ ಇಲ್ಲ. ಅದಕ್ಕೇ ಪ್ರತಿ ಶೀಟಿನ ಗುರಿಗಳನ್ನು ಕೈಯಲ್ಲಿ ಎಣಿಸಿ ಪಟ್ಟಿಯ ಸಾಲುಗಳಿಗೆ ತಾಳೆ ನೋಡಿ, ಆಮೇಲೆ ಒಬ್ಬರು ಮೂಲ ಶೀಟನ್ನು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು ನೋಡಬೇಕು. 47 ಸಾಲಿಗೆ ಇದು ದೊಡ್ಡ ಕೆಲಸವಲ್ಲ.

ಇಷ್ಟಾದ ಮೇಲೆ ಪಟ್ಟಿ ಮುಖ್ಯಸ್ಥರಿಗೆ ಏನು ತೋರಿಸುತ್ತದೆ? ಪ್ರತಿ ಗುರಿಯೂ ಯಾವ ಗುಂಪಿನದು ಎಂದು ಬರೆಯುವ ಇನ್ನೊಂದು ಕಾಲಂ ಸೇರಿಸಿ: ಬ್ರೇಕ್‌ಡೌನ್, ಸರ್ವಿಸಿಂಗ್, ಬಿಡಿಭಾಗದ ಖರ್ಚು, ವಿದ್ಯುತ್, ಸುರಕ್ಷತೆ, ತರಬೇತಿ ಮತ್ತು 5ಎಸ್. ಆರು ಹೆಸರು ಸಾಕು, ಅವನ್ನೂ ಮುಖ್ಯಸ್ಥರೇ ಮೊದಲು ಒಪ್ಪಿರಬೇಕು. ಒಂಬತ್ತು ಜನರ ಒಟ್ಟು ವೇಟೇಜ್ 900. ಬ್ರೇಕ್‌ಡೌನ್ ಗುಂಪಿನಲ್ಲಿ ಬಂದದ್ದು ಮೇಲಿನ ಮೂವರ 25, 20, 15 ಮಾತ್ರ, ಅಂದರೆ 60. ನೂರಕ್ಕೆ ಏಳೂ ಪೂರ್ತಿ ಇಲ್ಲ. ತರಬೇತಿ ಮತ್ತು 5ಎಸ್‌ಗೆ ಒಂಬತ್ತು ಜನರಲ್ಲೂ ತಲಾ 20 ಇದ್ದು ಅದು 180 ಆಯಿತು, ನೂರಕ್ಕೆ ಇಪ್ಪತ್ತು. ಯಂತ್ರ ರಾತ್ರಿ ನಿಂತರೆ ಮೊದಲು ಓಡುವವರು ಶಿಫ್ಟ್ ಸೂಪರ್‌ವೈಸರುಗಳು. ಆ ಮೂವರಲ್ಲಿ ಒಬ್ಬರ ಶೀಟಿನಲ್ಲೂ ಬ್ರೇಕ್‌ಡೌನ್ ಗುರಿಯೇ ಇಲ್ಲ. ಒಂಬತ್ತು ಶೀಟನ್ನು ಬಿಡಿಬಿಡಿಯಾಗಿ ಓದಿದಾಗ ಒಂದೊಂದೂ ಸರಿಯಾಗಿಯೇ ಕಂಡಿತ್ತು.

ಈ ಲೆಕ್ಕವನ್ನು ಅಳತೆ ಮೀರಿ ನಂಬುವುದೂ ತಪ್ಪು. ಸರ್ವಿಸಿಂಗ್ ಸರಿಯಾಗಿ ನಡೆದರೆ ಬ್ರೇಕ್‌ಡೌನ್ ತಾನಾಗಿ ಇಳಿಯುತ್ತದೆ, ಹಾಗಾಗಿ ಪ್ಲಾನರ್ ಅವರ 40ಅನ್ನೂ ಇದಕ್ಕೇ ಸೇರಿಸಬೇಕೆಂದು ವಾದಿಸಬಹುದು. ಆಗ ಪಾಲು ನೂರಕ್ಕೆ ಹನ್ನೊಂದಾಗುತ್ತದೆ. ಮ್ಯಾನೇಜರ್ ಅವರ 25ಕ್ಕೂ ಸೂಪರ್‌ವೈಸರ್ ಅವರ 25ಕ್ಕೂ ಕೆಲಸದಲ್ಲಿ ಒಂದೇ ಬೆಲೆ ಎನ್ನಲಾಗುವುದಿಲ್ಲ. ಗುಂಪಿನ ಕಾಲಂ ಪಟ್ಟಿ ಮಾಡಿದವರ ತೀರ್ಮಾನ, ಶೀಟಿನ ಮಾತಲ್ಲ. ಅದನ್ನು ಬೇರೆ ಬಣ್ಣದಲ್ಲಿ ಇಟ್ಟರೆ ಮುಖ್ಯಸ್ಥರಿಗೆ ಅದನ್ನು ಬದಲಿಸಲು ಸಂಕೋಚವಾಗುವುದಿಲ್ಲ. ಟಾರ್ಗೆಟ್ ಅಂಕಿಗಳನ್ನಂತೂ ಕೂಡಿಸಲೇಬಾರದು. ಬಿಡಿಭಾಗದ ಖರ್ಚಿನಲ್ಲಿ 12 ಲಕ್ಷ ಉಳಿಸುವುದು ಮ್ಯಾನೇಜರ್ ಅವರ ಗುರಿ. ಅದೇ ಮೊತ್ತ 7 ಮತ್ತು 5 ಲಕ್ಷವಾಗಿ ಒಡೆದು ಇಬ್ಬರು ಎಂಜಿನಿಯರುಗಳ ಶೀಟಿನಲ್ಲಿದೆ. ಕಾಲಂ ಕೂಡಿಸಿದರೆ 24 ಲಕ್ಷ ಬರುತ್ತದೆ, ವಿಭಾಗ ಎಂದೂ ಮಾತು ಕೊಡದ 24 ಲಕ್ಷ.

ಪಟ್ಟಿಯ ಜೊತೆಗೆ ಒಂದು ಪುಟದಲ್ಲಿ ಪ್ರಶ್ನೆಗಳು ಹೋಗಬೇಕು: 80 ಗಂಟೆಯೋ 84ಓ, 25 ಗಂಟೆ ತಿಂಗಳಿಗೋ ವರ್ಷಕ್ಕೋ, ಸ್ಟೋರ್ಸ್‌ನವರ 30 ಹೇಗೆ ಹಂಚಬೇಕು, ಸೂಪರ್‌ವೈಸರುಗಳಿಗೆ ಬ್ರೇಕ್‌ಡೌನ್ ಗುರಿ ಸೇರಿಸಬೇಕೇ. ಉತ್ತರ ಬಂದ ಕೂಡಲೇ ಪಟ್ಟಿಯನ್ನು ತಿದ್ದಿಬಿಡುವ ಆಸೆಯಾಗುತ್ತದೆ. ಮೊದಲು ತಿದ್ದಬೇಕಾದದ್ದು ಶೀಟು. ಉದ್ಯೋಗಿ ಅದನ್ನು ಓದಿ ಮತ್ತೆ ಸಹಿ ಮಾಡಿದ ಮೇಲೆ ಹೊಸ ಅಂಕಿ ಹೊಸ ದಿನಾಂಕದೊಂದಿಗೆ ಪಟ್ಟಿಗೆ ಬರುತ್ತದೆ. ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರಿಶೀಲನೆಯಾಗಿ ಗುರಿ ಬದಲಾದಾಗಲೂ ಹಳೆಯ ಸಾಲನ್ನು ಅಳಿಸದೆ "ಸೆಪ್ಟೆಂಬರ್‌ವರೆಗೆ" ಎಂದು ಗುರುತು ಹಾಕಿ, 100ರ ಲೆಕ್ಕದಿಂದ ಹೊರಗಿಟ್ಟು, ಕೆಳಗೆ ಹೊಸ ಸಾಲು ಬರೆಯಬೇಕು. ಮಾರ್ಚ್‌ನಲ್ಲಿ ರೇಟಿಂಗ್ ಕೊಡುವಾಗ ಮೊದಲ ಆರು ತಿಂಗಳು ಆ ಉದ್ಯೋಗಿ ಯಾವ ಗುರಿಗಾಗಿ ದುಡಿದಿದ್ದ ಎಂಬುದಕ್ಕೆ ಆ ಸಾಲೇ ದಾಖಲೆ.