ಮಾನಿಟರಿನ ಆಕಾಶಕ್ಕೆ ಪಟ್ಟೆ ಏಕೆ ಬೀಳುತ್ತದೆ?

ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದ ಮೇಲಿನ ಆಕಾಶದ ಫೋಟೋ ಒಂದನ್ನು ಕಂಪ್ಯೂಟರ್ ಪರದೆಯ ತುಂಬ ಹರಡಿ ನೋಡಿ. ದಿಗಂತದ ಬಳಿ ತುಸು ಬೆಳಕು, ಮೇಲೇರಿದಂತೆ ಕಪ್ಪಿಗೆ ಹೊರಳುವ ನೀಲಿ. ನಿಜವಾದ ಆಕಾಶದಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾದ ಜಾಗ ಇದೇ ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಪರದೆಯ ಮೇಲೆ ಎಷ್ಟೋ ಸಲ ತೋರಿಸಬಹುದು: ಇಲ್ಲಿಂದ ಇಲ್ಲಿಯವರೆಗೆ ಒಂದು ಪಟ್ಟೆ, ಅದರ ಮೇಲೆ ಮತ್ತೊಂದು ಪಟ್ಟೆ. ಸಿನಿಮಾದ ಕತ್ತಲ ದೃಶ್ಯಗಳಲ್ಲಿ, ಮಂಜು ಕವಿದ ಬೆಟ್ಟದಲ್ಲಿ, ಗೋಡೆಯ ಮೇಲೆ ಬಿದ್ದ ದೀಪದ ಬೆಳಕಿನಲ್ಲಿ ಇದೇ ಕಾಟ. ಇದಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ. ಕಂಡವರು ಮೊದಲು ಬೈಯುವುದು ಮಾನಿಟರನ್ನು. ಅಂಗಡಿಯಲ್ಲಿ ಸಿಗುವ ಸಲಹೆ, 'ಟೆನ್ ಬಿಟ್ ತಗೊಳ್ಳಿ ಸರ್, ಸರಿಹೋಗುತ್ತೆ' ಎಂಬುದು. ಆ ಸಲಹೆ ಅರ್ಧ ಮಾತ್ರ ಸರಿ.

ಪರದೆಯ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳಿರುತ್ತವೆ. ಎಂಟು ಬಿಟ್ ಎಂದರೆ ಪ್ರತಿಯೊಂದು ಬಣ್ಣಕ್ಕೂ 0ಯಿಂದ 255ರವರೆಗೆ, ಒಟ್ಟು 256 ಹಂತ. ಮೂರನ್ನೂ ಬೆರೆಸಿದರೆ 1 ಕೋಟಿ 67 ಲಕ್ಷ ಬಣ್ಣ. ಡಬ್ಬಿಯ ಮೇಲೆ ಅಚ್ಚಾಗುವುದು ಈ ದೊಡ್ಡ ಸಂಖ್ಯೆಯೇ. ಆದರೆ ಪಟ್ಟೆಗಳ ವಿಷಯಕ್ಕೆ ಬಂದಾಗ ಅದು ದಾರಿ ತಪ್ಪಿಸುತ್ತದೆ. ಒಂದು ಆಕಾಶ, ಒಂದು ಗೋಡೆ ಈ ಕೋಟಿಯಲ್ಲಿ ಬಳಸಿಕೊಳ್ಳುವುದು ಬೆರಳೆಣಿಕೆಯಷ್ಟನ್ನು ಮಾತ್ರ.

ಲೆಕ್ಕ ಹಾಕಿಯೇ ನೋಡೋಣ. 27 ಇಂಚಿನ 4ಕೆ ಮಾನಿಟರ್ ಇದೆ ಎಂದುಕೊಳ್ಳಿ. ಅಡ್ಡಲಾಗಿ 3840 ಪಿಕ್ಸೆಲ್, ಅಗಲ ಸುಮಾರು 60 ಸೆಂಟಿಮೀಟರ್. ಎಡತುದಿಯಲ್ಲಿ ಬೂದು ಬಣ್ಣದ 20ನೇ ಹಂತ, ಬಲತುದಿಯಲ್ಲಿ 44ನೇ ಹಂತ, ನಡುವೆ ನಯವಾದ ಏರಿಕೆ ಬೇಕು. ಕತ್ತಲ ದೃಶ್ಯವೊಂದರ ಹಿನ್ನೆಲೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. 20ರಿಂದ 44ರವರೆಗೆ ಇರುವ ಪೂರ್ಣಾಂಕಗಳು 25. ಅಂದರೆ 3840 ಪಿಕ್ಸೆಲ್‌ಗಳು 25 ಗುಂಪಾಗಿ ಒಡೆದು, ಒಂದೊಂದು ಗುಂಪಿಗೆ ಸುಮಾರು 154 ಪಿಕ್ಸೆಲ್ ಬೀಳುತ್ತವೆ. ಅಳೆದರೆ ಎರಡೂವರೆ ಸೆಂಟಿಮೀಟರಿಗೆ ತುಸು ಕಡಿಮೆ ಅಗಲದ ಪಟ್ಟೆ. ಮಾನಿಟರ್ ಇಲ್ಲಿ ಯಾವ ತಪ್ಪನ್ನೂ ಮಾಡಿಲ್ಲ, ತನಗೆ ಬಂದದ್ದನ್ನು ಹಾಗೇ ತೋರಿಸಿದೆ. ಪರದೆ ದೊಡ್ಡದಾದಷ್ಟೂ ಪಟ್ಟೆಯೂ ಅಗಲವಾಗುತ್ತದೆ. ಹೊಸ ದೊಡ್ಡ ಟಿವಿ ತಂದ ಮೇಲೆ ಹಳೆಯ ಸಿನಿಮಾ ಹಾಳಾದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಕತ್ತಲಲ್ಲೇ ಇದು ಎದ್ದು ಕಾಣುವುದೇಕೆ? ಪಿಕ್ಸೆಲ್‌ನ ಸಂಖ್ಯೆಗೂ ಅದು ಹೊರಸೂಸುವ ಬೆಳಕಿಗೂ ನೇರ ಅನುಪಾತವಿಲ್ಲ. ಸಾಮಾನ್ಯ ಮಾನಿಟರಿನಲ್ಲಿ ಬೆಳಕು ಆ ಸಂಖ್ಯೆಯ ಸುಮಾರು 2.2ನೇ ಘಾತದಂತೆ ಏರುತ್ತದೆ. ಆ ಪ್ರಕಾರ 200ರಿಂದ 201ಕ್ಕೆ ಹೋದಾಗ ಬೆಳಕು ಹೆಚ್ಚುವುದು ಶೇಕಡಾ ಒಂದರಷ್ಟು. 20ರಿಂದ 21ಕ್ಕೆ ಹೋದಾಗ ಶೇಕಡಾ 11. ಸಾಕಷ್ಟು ಬೆಳಕಿದ್ದಾಗ ನಮ್ಮ ಕಣ್ಣು ಶೇಕಡಾ ಒಂದರ ಆಸುಪಾಸಿನ ವ್ಯತ್ಯಾಸವನ್ನು ಹಿಡಿಯುತ್ತದೆ. ಕತ್ತಲಲ್ಲಿ ಆ ಚುರುಕು ಕುಂದುವುದು ನಿಜ, ಆದರೆ ಶೇಕಡಾ 11ನ್ನು ಬಿಟ್ಟುಕೊಡುವಷ್ಟು ಅಲ್ಲ. ಕೋಣೆಯ ದೀಪ ಹಚ್ಚಿಟ್ಟರೆ ಗಾಜಿನ ಮೇಲಿನ ಪ್ರತಿಫಲನ ಈ ವ್ಯತ್ಯಾಸವನ್ನು ಮಂಕು ಮಾಡುತ್ತದೆ. ದೀಪ ಆರಿಸಿ ಸಿನಿಮಾ ನೋಡುವವರಿಗೇ ಪಟ್ಟೆ ಹೆಚ್ಚು ಕಾಣುವುದು ಹೀಗೆ.

ಇದರ ಮೇಲೆ ಕಣ್ಣು ತನ್ನದೂ ಒಂದಿಷ್ಟು ಸೇರಿಸುತ್ತದೆ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1860ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಎರಡು ಬೇರೆ ಬೇರೆ ಹೊಳಪಿನ ಜಾಗಗಳು ಕೂಡುವಲ್ಲಿ, ಬೆಳಕಿನ ಬದಿಯ ಅಂಚು ಇನ್ನಷ್ಟು ಬೆಳಕಾಗಿ, ಕತ್ತಲ ಬದಿಯ ಅಂಚು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಅಕ್ಷಿಪಟಲದ ಕೋಶಗಳು ಅಕ್ಕಪಕ್ಕದವುಗಳನ್ನು ಅದುಮುವುದರಿಂದ ಹೀಗಾಗುತ್ತದೆ ಎಂಬುದು ರೂಢಿಯ ವಿವರಣೆ. ಉದ್ದನೆಯ, ಮುರಿಯದ ಅಂಚುಗಳನ್ನು ಹುಡುಕುವುದರಲ್ಲಿ ಕಣ್ಣು ಬಲು ಜಾಣ. ಬ್ಯಾಂಡಿಂಗ್ ಕೊಡುವುದು ಅಂಥ ಅಂಚುಗಳನ್ನೇ.

ಹಾಗಾದರೆ ಅಂಚನ್ನೇ ಮುರಿದರೆ? ಡಿದರಿಂಗ್ ಮಾಡುವುದು ಇಷ್ಟೇ.

ನಮ್ಮ ಇಳಿಜಾರಿನಲ್ಲಿ ಒಂದು ಪಿಕ್ಸೆಲ್‌ಗೆ ಸಲ್ಲಬೇಕಾದ ನಿಜವಾದ ಮೌಲ್ಯ ಮೂವತ್ತೂಕಾಲು ಎಂದುಕೊಳ್ಳಿ. ಪೂರ್ಣಾಂಕವೇ ಬೇಕಾದ್ದರಿಂದ ಕಂಪ್ಯೂಟರ್ ಅದನ್ನು 30 ಎಂದು ಬರೆದುಕೊಂಡು ಆ ಕಾಲನ್ನು ಎಸೆಯುತ್ತದೆ. ಪಕ್ಕದ ನೂರಾರು ಪಿಕ್ಸೆಲ್‌ಗಳಲ್ಲೂ ಹೀಗೇ ಎಸೆದಾಗ ಪಟ್ಟೆಯಾಗುತ್ತದೆ. ಈಗ ನಾಲ್ಕಾಣೆ ನಾಣ್ಯ ಚಲಾವಣೆಯಲ್ಲಿಲ್ಲದ ಕಾಲದ ಅಂಗಡಿಯವನನ್ನು ನೆನೆಯಿರಿ. ಸಾಮಾನಿನ ಬೆಲೆ ಮೂವತ್ತು ರೂಪಾಯಿ ನಾಲ್ಕಾಣೆ. ಮೂವರು ಗಿರಾಕಿಗಳಿಂದ 30, ನಾಲ್ಕನೆಯವರಿಂದ 31 ತೆಗೆದುಕೊಂಡರೆ ಅವನ ಗಲ್ಲಾಪೆಟ್ಟಿಗೆಗೆ ಒಂದು ಪೈಸೆಯೂ ನಷ್ಟವಿಲ್ಲ. ಡಿದರಿಂಗ್‌ನಲ್ಲೂ ನಾಲ್ಕು ಪಿಕ್ಸೆಲ್‌ಗಳಲ್ಲಿ ಮೂರಕ್ಕೆ 30, ಒಂದಕ್ಕೆ 31 ಸಿಗುತ್ತದೆ. ಯಾವುದಕ್ಕೆ 31 ಎಂಬುದು ನಿಯಮಿತವಾಗಿದ್ದರೆ ಜಾಲರಿಯಂಥ ವಿನ್ಯಾಸ ಕಂಡೀತು. ಆದ್ದರಿಂದ ಪೂರ್ಣಾಂಕಕ್ಕೆ ಇಳಿಸುವ ಮೊದಲು ಪ್ರತಿ ಮೌಲ್ಯಕ್ಕೂ ಒಂದಿಷ್ಟು ಯಾದೃಚ್ಛಿಕ ಗದ್ದಲ ಸೇರಿಸುತ್ತಾರೆ. ಚಿತ್ರಕ್ಕೆ ಬೇಕೆಂದೇ ಗದ್ದಲ ಬೆರೆಸಿ ಅದನ್ನು ಉತ್ತಮಪಡಿಸುವ ಈ ತಲೆಕೆಳಗಿನ ಉಪಾಯವನ್ನು ಲಾರೆನ್ಸ್ ರಾಬರ್ಟ್ಸ್ 1962ರಲ್ಲಿ ಪ್ರಕಟಿಸಿದರು. ಮುಂದೆ ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ ಕಟ್ಟಿದವರಲ್ಲಿ ಮುಖ್ಯರಾದವರೂ ಇವರೇ.

ಆ ಗದ್ದಲ ಕಣ್ಣಿಗೆ ಬೀಳುವುದಿಲ್ಲವೇ? ನಮ್ಮ 27 ಇಂಚಿನ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.16 ಮಿಲಿಮೀಟರ್. ಎರಡು ಅಡಿ ದೂರದಿಂದ ಅದು ಕಣ್ಣಿನ ಸೂಕ್ಷ್ಮತೆಯ ಗಡಿಯಲ್ಲಿರುತ್ತದೆ. ಅಷ್ಟು ಸಣ್ಣ ಚುಕ್ಕೆಯಲ್ಲಿ ಒಂದೇ ಹಂತದ ವ್ಯತ್ಯಾಸವಿದ್ದರೆ ಕಣ್ಣು ಅಕ್ಕಪಕ್ಕದವನ್ನೆಲ್ಲ ಸೇರಿಸಿ ಸರಾಸರಿಯನ್ನಷ್ಟೇ ಕಾಣುತ್ತದೆ. ಅದೇ ಒಂದು ಹಂತದ ವ್ಯತ್ಯಾಸ ಎರಡು ಸೆಂಟಿಮೀಟರ್ ಅಗಲದ ಪಟ್ಟೆಯಾಗಿ ಬಂದರೆ ಚೆನ್ನಾಗಿ ಕಾಣುತ್ತದೆ. ತಪ್ಪಿನ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಅದು ಹಂಚಿಹೋದ ರೀತಿ ಮಾತ್ರ ಬೇರೆ.

ಇನ್ನು ಹತ್ತು ಬಿಟ್ಟಿನ ವಿಚಾರ. 256ರ ಬದಲು 1024 ಹಂತ. ನಮ್ಮ ಇಳಿಜಾರು ಈಗ 80ರಿಂದ 176ರವರೆಗೆ, ಒಟ್ಟು 97 ಮೆಟ್ಟಿಲು. ಪಟ್ಟೆಯ ಅಗಲ ಸುಮಾರು 40 ಪಿಕ್ಸೆಲ್ ಅಥವಾ 6 ಮಿಲಿಮೀಟರ್. ಕತ್ತಲ ತುದಿಯಲ್ಲಿ ಒಂದು ಮೆಟ್ಟಿಲಿಗೆ ಬೆಳಕು ಏರುವುದು ಶೇಕಡಾ ಮೂರಕ್ಕಿಂತ ತುಸು ಕಡಿಮೆ. ಬಹಳಷ್ಟು ಸುಧಾರಣೆಯೇ, ಆದರೆ ಪಟ್ಟೆ ಪೂರ್ತಿ ಮಾಯವಾಗಿಲ್ಲ, ಸಣ್ಣದಾಗಿ ಮಸುಕಾಗಿದೆ. ಡಿದರಿಂಗ್ ಮಾಡಿದ ಎಂಟು ಬಿಟ್‌ನಲ್ಲಿ ಪಟ್ಟೆಯೇ ಇರುವುದಿಲ್ಲ, ತೀರಾ ಹತ್ತಿರ ಬಾಗಿ ನೋಡಿದರೆ ಸಣ್ಣ ಮರಳು ಕಂಡೀತು. ನನ್ನನ್ನು ಕೇಳಿದರೆ, ಸಾಮಾನ್ಯ ಬಳಕೆಯಲ್ಲಿ ಡಿದರಿಂಗ್ ಇಲ್ಲದ ಹತ್ತು ಬಿಟ್‌ಗಿಂತ ಡಿದರಿಂಗ್ ಇರುವ ಎಂಟು ಬಿಟ್ ಮೇಲು.

'ಹತ್ತು ಬಿಟ್' ಎಂದು ಮಾರುವ ಅನೇಕ ಮಾನಿಟರುಗಳೇ ಒಳಗೆ ಇದನ್ನು ಮಾಡುತ್ತವೆ. ಅವುಗಳ ಪ್ಯಾನೆಲ್ ಎಂಟು ಬಿಟ್ಟಿನದು. ಬೇಕಾದ ನಡುವಿನ ಛಾಯೆಗಾಗಿ ಒಂದೇ ಪಿಕ್ಸೆಲ್ ಮೂರು ಫ್ರೇಮ್‌ಗಳಲ್ಲಿ 30, ನಾಲ್ಕನೆಯದರಲ್ಲಿ 31 ಎಂದು ಬದಲಾಗುತ್ತಿರುತ್ತದೆ. ವಿವರಪಟ್ಟಿಯಲ್ಲಿ ಇದನ್ನು 8-bit + FRC ಎಂದು ಬರೆದಿರುತ್ತಾರೆ. ಮೋಸವೆಂದು ಬೇಸರಪಡಬೇಕಿಲ್ಲ, ಕೆಲಸ ಚೆನ್ನಾಗಿಯೇ ನಡೆಯುತ್ತದೆ.

ಹತ್ತು ಬಿಟ್ ನಿಜವಾಗಿ ಬೆಲೆಬಾಳುವ ಜಾಗಗಳೂ ಇವೆ. ರಾತ್ರಿ ಕಣ್ಣಿಗೆ ಹಿತವೆಂದು ಪರದೆಯನ್ನು ಹಳದಿಯಾಗಿಸುವ ಸೌಲಭ್ಯವನ್ನೇ ತೆಗೆದುಕೊಳ್ಳಿ. ಅದು ನೀಲಿಯನ್ನು ಅರ್ಧಕ್ಕೆ ಇಳಿಸಿತು ಎನ್ನೋಣ. ಎಂಟು ಬಿಟ್‌ನಲ್ಲಿ ನೀಲಿಗೆ ಉಳಿಯುವುದು ಸುಮಾರು 128 ಹಂತ, ಪಕ್ಕಪಕ್ಕದ ಎರಡೆರಡು ಮೌಲ್ಯಗಳು ಒಂದಾಗಿಬಿಡುತ್ತವೆ. ಸಂಜೆಯವರೆಗೆ ನಯವಾಗಿದ್ದ ವಾಲ್‌ಪೇಪರ್ ರಾತ್ರಿಯಾಗುತ್ತಲೇ ಪಟ್ಟೆ ಪಟ್ಟೆಯಾಗಲು ಇದು ಕಾರಣವಾಗಬಹುದು. ಬಣ್ಣ ಸರಿಪಡಿಸುವ ಕ್ಯಾಲಿಬ್ರೇಶನ್‌ನಲ್ಲೂ ಇದೇ ಅಪಾಯವಿದೆ. ಈ ತಿದ್ದುಪಡಿಯಾದ ಮೇಲೆ ಗ್ರಾಫಿಕ್ಸ್ ಕಾರ್ಡ್ ಹತ್ತು ಬಿಟ್ ಹೊರಬಿಟ್ಟರೆ, ಅಥವಾ ಡಿದರಿಂಗ್ ಮಾಡಿ ಎಂಟು ಬಿಟ್ ಹೊರಬಿಟ್ಟರೆ, ಭಿನ್ನಾಂಶಗಳು ಉಳಿದುಕೊಳ್ಳುತ್ತವೆ.

ಇನ್ನೊಂದು ಜಾಗ ಎಚ್‌ಡಿಆರ್. ಅದರ ಪಿಕ್ಯೂ ಎಂಬ ಕ್ರಮದಲ್ಲಿ ಹಂತಗಳು 10,000 ನಿಟ್‌ವರೆಗಿನ ಹೊಳಪಿಗೆ ಹಂಚಿಹೋಗಬೇಕು. ಅಷ್ಟು ವಿಸ್ತಾರಕ್ಕೆ 256 ಸಾಲದು, ಹತ್ತು ಬಿಟ್ ಕನಿಷ್ಠ. ಇಲ್ಲಿಯೇ ವಿಂಡೋಸ್ ಬಳಸುವವರು ಗಾಬರಿಯಾಗುವುದು. ಎಚ್‌ಡಿಆರ್ ಹಾಕಿ Advanced display ತೆರೆದರೆ Bit depth ಎಂಬಲ್ಲಿ 8-bit with dithering ಎಂದು ಬಂದಿರುತ್ತದೆ. ಎಚ್‌ಡಿಎಂಐ 2.0 ಕೇಬಲ್ಲಿನಲ್ಲಿ 4ಕೆ ಚಿತ್ರ ಸೆಕೆಂಡಿಗೆ 60 ಸಲ ಪೂರ್ಣ ಬಣ್ಣದೊಂದಿಗೆ ಹೋಗಬೇಕಾದರೆ ಎಂಟು ಬಿಟ್‌ಗೆ ಮಾತ್ರ ಜಾಗವಿದೆ. ಹತ್ತು ಬೇಕೆಂದರೆ ಬಣ್ಣದ ವಿವರವನ್ನು ಅರ್ಧ ಮಾಡಬೇಕು, ಆಗ ಕೆಂಪು ಅಕ್ಷರಗಳ ಅಂಚು ಕದಡುತ್ತದೆ. ಅಕ್ಷರ ಓದುವ ಕೆಲಸವಿದ್ದರೆ ಆ ಎಂಟು ಬಿಟ್ ಡಿದರಿಂಗನ್ನೇ ಇಟ್ಟುಕೊಳ್ಳಿ. ಡಿಸ್‌ಪ್ಲೇಪೋರ್ಟ್ ಅಥವಾ ಎಚ್‌ಡಿಎಂಐ 2.1 ಇದ್ದರೆ ಈ ಇಕ್ಕಟ್ಟು ಇಲ್ಲ.

ಆದರೆ ಪಟ್ಟೆ ಕಡತದಲ್ಲೇ ಇದ್ದರೆ ಯಾವ ಕೇಬಲ್ಲೂ ಉಳಿಸದು. ಜೆಪೆಗ್ ಫೋಟೋ ಎಂಟು ಬಿಟ್ಟಿನದು, ಆನ್‌ಲೈನ್ ವಿಡಿಯೋಗಳಲ್ಲಿ ಹೆಚ್ಚಿನವೂ ಹಾಗೇ. ಅದಕ್ಕಿಂತ ಕೆಟ್ಟದ್ದೆಂದರೆ, ವಿಡಿಯೋ ಕುಗ್ಗಿಸುವ ತಂತ್ರಾಂಶಕ್ಕೆ ಡಿದರಿಂಗ್‌ನ ಗದ್ದಲ ದುಂದುವೆಚ್ಚದಂತೆ ಕಾಣುತ್ತದೆ. ಕತ್ತಲ ಭಾಗದಲ್ಲಿ ಅದನ್ನು ಒರೆಸಿಹಾಕಿ ಪಟ್ಟೆಯನ್ನು ಮರಳಿ ತರುತ್ತದೆ. ಇಂಥ ಪಟ್ಟೆಯ ಅಂಚು ನುಣುಪಾಗಿರದೆ ಚೌಕ ಚೌಕವಾಗಿ ಒಡೆದಿರುತ್ತದೆ, ಅದೇ ಗುರುತು. ಇದಕ್ಕೆ ಮಾನಿಟರ್ ಬದಲಿಸಿ ಪ್ರಯೋಜನವಿಲ್ಲ. ಎಂಪಿವಿಯಂಥ ಪ್ಲೇಯರ್‌ನಲ್ಲಿರುವ ಡೀಬ್ಯಾಂಡ್ ಸೌಲಭ್ಯ ಒಂದಿಷ್ಟು ನಯಮಾಡಿ ತೋರಿಸುತ್ತದೆ.

ನಿಮ್ಮ ಮನೆಯಲ್ಲಿ ತಪ್ಪು ಎಲ್ಲಿದೆ ಎಂದು ಹಿಡಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಪರದೆಯಷ್ಟೇ ಅಳತೆಯ ಚಿತ್ರ ತೆರೆದು #141414ರಿಂದ #2c2c2cಗೆ ಇಳಿಜಾರು ಎಳೆಯಿರಿ. ಇವು ನಾವು ಲೆಕ್ಕ ಹಾಕಿದ 20 ಮತ್ತು 44. ಗ್ರೇಡಿಯೆಂಟ್ ಉಪಕರಣದ Dithering ಆಯ್ಕೆಯನ್ನು ಒಮ್ಮೆ ತೆಗೆದು, ಒಮ್ಮೆ ಹಾಕಿ, ಎರಡು ಚಿತ್ರ ಮಾಡಿ. ಜೆಪೆಗ್ ಬೇಡ, ಪಿಎನ್‌ಜಿಯಾಗಿ ಉಳಿಸಿ. ರಾತ್ರಿಯ ಹಳದಿ ಸೌಲಭ್ಯ ಆರಿಸಿ, ಕೋಣೆ ಕತ್ತಲಾಗಿಸಿ, ಶೇಕಡಾ 100ರ ಅಳತೆಯಲ್ಲೇ ನೋಡಿ. ಚಿತ್ರವನ್ನು ಕಿರಿದುಮಾಡಿದರೆ ಗದ್ದಲ ಸರಾಸರಿಯಾಗಿ, ಮತ್ತೆ ಪೂರ್ಣಾಂಕಕ್ಕಿಳಿದು, ಪಟ್ಟೆ ವಾಪಸು ಬರುತ್ತದೆ. ಮೊದಲ ಚಿತ್ರದಲ್ಲಿ ಸಮ ಅಗಲದ ಪಟ್ಟೆಗಳು ಕಂಡು ಎರಡನೆಯದು ನಯವಾಗಿದ್ದರೆ ನಿಮ್ಮ ಮಾನಿಟರ್ ನೆಟ್ಟಗಿದೆ. ಎರಡನೆಯದರಲ್ಲೂ ಪಟ್ಟೆ ಕಂಡರೆ, ಅಥವಾ ಬೂದಿಯಲ್ಲಿ ಗುಲಾಬಿ, ಹಸಿರು ಛಾಯೆಗಳು ಇಣುಕಿದರೆ, ಗ್ರಾಫಿಕ್ಸ್ ಕಾರ್ಡಿನ ತಿದ್ದುಪಡಿಯಲ್ಲೋ ಪ್ಯಾನೆಲ್‌ನಲ್ಲೋ ಹಂತಗಳು ಕಳೆದುಹೋಗುತ್ತಿವೆ. ಬಣ್ಣದ ಪ್ರೊಫೈಲ್ ತೆಗೆದು, ಮಾನಿಟರಿನ ಮೆನುವಿನಲ್ಲಿ ಕಾಂಟ್ರಾಸ್ಟನ್ನು ಮೊದಲಿನ ಸ್ಥಿತಿಗೆ ತಂದು ಇನ್ನೊಮ್ಮೆ ನೋಡಿ. ಹೊಸ ಮಾನಿಟರಿಗೆ ದುಡ್ಡು ಕೊಡುವ ಮಾತು ಅದಾದ ಮೇಲೆ.